ಶುಗರ್ ಇದೆ ಅಂತ ಬರೆ, ಪುಟ್ಟಾ

ಪ್ರೀತಿಯ ಪುಟ್ಟನಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಕೊನೆಗೆ ಬರೆದ ಒಂದು ಮಾತು ರಾತ್ರಿಯೆಲ್ಲ ನಿದ್ದೆ ಕೆಡಿಸಿತು. "ಅಂಗಡಿಯವರಿಗೆ ಶುಗರ್ ಇದೆ. ವಿಮೆ ಫಾರಂನಲ್ಲಿ ಬರೆದರೆ ಪಾಲಿಸಿ ಕೈತಪ್ಪುತ್ತೆ. ಬಿಟ್ಟುಬಿಡ್ಲಾ ದೊಡ್ಡಪ್ಪಾ?"

ನಾನೂ ಒಂದು ಸಲ ಬಿಟ್ಟಿದ್ದೆ. ಒಬ್ಬ ಟೈಲರ್. ಮಾತ್ರೆ ತಗೊಳ್ತಿದ್ದ, ನಾನು ಸುಮ್ನೆ 'ಇಲ್ಲ' ಅಂತ ಬರೆದೆ. ಹದಿನಾಲ್ಕು ತಿಂಗಳಿಗೆ ಹೋಗಿಬಿಟ್ಟ. ಕಂಪನಿಯವರು ಆಸ್ಪತ್ರೆಯ ಹಳೆ ಚೀಟಿ ತರಿಸಿ ನೋಡಿದರು, ಕ್ಲೇಮ್ ಕೊಡಲಿಲ್ಲ. ಅವನ ಹೆಂಡತಿ ಕಂತಿನ ರಸೀದಿಗಳನ್ನೆಲ್ಲ ನಮ್ಮ ಜಗಲಿ ಮೇಲಿಟ್ಟು, ಒಂದು ಮಾತೂ ಆಡದೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಅದಾದ ಮೇಲೆ ಸಿಕ್ಕಿದವರು ತಿಪಟೂರಿನ ದಿನಸಿ ಅಂಗಡಿ ಶೆಟ್ಟರು. ಮೊದಲ ಸಲ ಹೋದಾಗ ತಕ್ಕಡಿಯಿಂದ ಕಣ್ಣೇ ಎತ್ತಲಿಲ್ಲ. "ನಾನು ಸತ್ತ ಮೇಲೆ ನಿನ್ನನ್ನ ಎಲ್ಲಿ ಹುಡುಕ್ತಾರಯ್ಯ ನಮ್ಮ ಮನೆಯವರು?" ಅಂದರು. ಎರಡನೇ ಸಲ, "ನಿನ್ನ ಕಮಿಷನ್‌ನಲ್ಲಿ ಅರ್ಧ ಬಿಟ್ಟುಕೊಡು, ಮಾಡಿಸ್ತೀನಿ" ಅಂದರು. ಅದು ಕಾನೂನಿಗೆ ವಿರುದ್ಧ, ಆಗಲ್ಲ ಅಂದೆ. ನಕ್ಕರು.

ಮೂರನೇ ಸಲ ಗಲ್ಲಾಪೆಟ್ಟಿಗೆ ಅಡಿಯಿಂದ ಒಂದು ಹಳೇ ಬಾಂಡ್ ತೆಗೆದು ಎಸೆದರು. ಬೇರೆ ಏಜೆಂಟ್ ಮಾಡಿಸಿದ್ದು, ಕಂತು ನಿಂತು ಲ್ಯಾಪ್ಸ್ ಆಗಿತ್ತು. ಅದರಲ್ಲಿ ನನಗೆ ನಯಾಪೈಸೆ ಇಲ್ಲ. ಆದರೂ ಬ್ರಾಂಚಿಗೆ ಹೋಗಿ ಬಾಕಿ, ಬಡ್ಡಿ ಲೆಕ್ಕ ಹಾಕಿಸಿ ತಂದೆ. ಮತ್ತೆ ಚಾಲೂ ಮಾಡೋಕೆ ಆರೋಗ್ಯದ ಫಾರಂ ಬೇಕಿತ್ತು. ಶೆಟ್ಟರು ಮೆಲ್ಲಗೆ, "ಶುಗರ್ ಬರೀಬೇಡ" ಅಂದರು. ನನಗೆ ಆ ರಸೀದಿಗಳು ನೆನಪಾದವು. ಟೈಲರ್ ಕಥೆ ಪೂರ್ತಿ ಹೇಳಿದೆ, ತಪ್ಪು ನನ್ನದೇ ಅಂತಲೂ ಹೇಳಿದೆ. ಪೊಟ್ಟಣ ಕಟ್ಟುತ್ತಿದ್ದ ದಾರ ಕೈಯಲ್ಲೇ ನಿಂತಿತು. "ಬರ್ಕೊ" ಅಂದರು. ರಕ್ತಪರೀಕ್ಷೆ ಕೇಳಿದರು, ಸ್ವಲ್ಪ ಜಾಸ್ತಿ ಕಂತು ಬಿತ್ತು, ಪಾಲಿಸಿ ಉಳಿಯಿತು. ಮುಂದಿನ ಸಲ ಅವರೇ ಸ್ಟೂಲ್ ಎಳೆದು ಕೂರಿಸಿ, ಮಗನ ಹುಟ್ಟಿದ ತಾರೀಕು ಹೇಳಿದರು.

ಈಗ ಮೂರು ವರ್ಷ ಕಳೆದರೆ ಪಾಲಿಸಿಯನ್ನ ಪ್ರಶ್ನಿಸುವ ಹಾಗಿಲ್ಲ, ನಿಜ. ಅದನ್ನೇ ಧೈರ್ಯ ಅಂದ್ಕೊಂಡು ಬಿಡಬೇಡ. ಆ ಮೂರು ವರ್ಷದೊಳಗೆ ಏನಾದರೂ ಆದರೆ? ಲ್ಯಾಪ್ಸ್ ಆಗಿ ಮತ್ತೆ ಚಾಲೂ ಮಾಡಿಸಿದರೆ ಆ ಮೂರು ವರ್ಷ ಅಲ್ಲಿಂದ ಹೊಸದಾಗಿ ಶುರು.

ನಿನಗೆ ಗೊತ್ತಿರೋದೇ ಇರಬಹುದು, ಮುದುಕ ಕೊರೀತಾನೆ ಅನ್ನಬೇಡ. ಮಾತ್ರೆ ಹೆಸರು, ಯಾವಾಗಿಂದ ಅಂತ ಬರೆ. ಅವರಿಗೆ ಓದಿ ಹೇಳಿ ಸಹಿ ಹಾಕಿಸು. ಒಂದು ಜೆರಾಕ್ಸ್ ಅವರ ಹತ್ತಿರ ಇರಲಿ. ಪಾಲಿಸಿ ಕೈಗೆ ಬಂದು 30 ದಿನದೊಳಗೆ ಬೇಡ ಅನ್ನಿಸಿದರೆ ವಾಪಸ್ ಕೊಡಬಹುದು ಅಂತಲೂ ಹೇಳಿಬಿಡು. ಕಂಪನಿ ಒಪ್ಪದಿದ್ದರೆ ಆ ಕೇಸ್ ಹೋಗುತ್ತೆ, ಹೋಗಲಿ.

ಫಾರಂ ಇನ್ನೂ ನಿನ್ನ ಬ್ಯಾಗಲ್ಲೇ ಇದೆ, ಅಲ್ವಾ? ಬ್ರಾಂಚಿಗೆ ಕೊಟ್ಟಿಲ್ಲ ತಾನೇ? ಇದು ಸಿಕ್ಕ ಕೂಡಲೇ ಒಂದು ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಪ್ಪ