ಬೆರಳು ತಪ್ಪಿದ್ದೋ, ಬೇಕೆಂದೇ ತಪ್ಪಿಸಿದ್ದೋ?

ಮಾನ್ಯರೇ,

ಮುಂಬಯಿಯ ನಮ್ಮ ಸಂಘಗಳ ಪ್ರಬಂಧ ಸ್ಪರ್ಧೆಗಳಿಗೆ ಯಂತ್ರ ಬರೆದ ಬರಹಗಳೂ ಬರುತ್ತಿವೆ. ಅನುಮಾನ ಬಾರದಿರಲೆಂದು ಕೆಲವರು ಅವುಗಳಲ್ಲಿ ಅಲ್ಲಲ್ಲಿ ಅಕ್ಷರದೋಷ ತುರುಕುತ್ತಾರೆ. ಆದರೆ ತಪ್ಪಿಗೂ ಒಂದು ದಾರಿ ಇರುತ್ತದೆ.

ನುಡಿ ತಂತ್ರಾಂಶದ ಕಗಪ ಕೀಲಿಮಣೆ ವಿನ್ಯಾಸವನ್ನೇ ನೋಡಿ. ಅಲ್ಲಿ ಒತ್ತಕ್ಷರಕ್ಕೆ `f` ಕೀಲಿ ಬೇಕು. 'ಅಮ್ಮ' ಎಂದರೆ `amfm`. ಅವಸರದಲ್ಲಿ `f` ಬಿಟ್ಟುಹೋದರೆ 'ಅಮಮ', ಬೆರಳು ಪಕ್ಕದ `d` ಮೇಲೆ ಬಿದ್ದರೆ 'ಅಮದಮ'. ಶಿಫ್ಟ್ ಸರಿಯಾಗಿ ಒತ್ತದಿದ್ದರೆ 'ಮಳೆ' ಹೋಗಿ 'ಮಲೆ' ಆಗುತ್ತದೆ. ಅದೂ ಅರ್ಥವಿರುವ ಪದವಾದ್ದರಿಂದ ಕಾಗುಣಿತ ಪರೀಕ್ಷಕಕ್ಕೆ ಸಿಗುವುದಿಲ್ಲ.

ತುರುಕಿದ ದೋಷಕ್ಕೆ ಇಂಥ ಕಾರಣ ಸಿಗದು. 'ಪುಸ್ತಕ'ವು 'ಟುಸ್ತಕ' ಆಗಿದ್ದರೆ, 'ಪ' ಮೂಡಿಸುವ `p` ಮತ್ತು 'ಟ' ಮೂಡಿಸುವ `q` ಒಂದೇ ಸಾಲಿನ ಎರಡು ತುದಿಗಳಲ್ಲಿವೆ, ಬೆರಳು ಅಷ್ಟು ದೂರ ಜಾರುವುದು ಹೇಗೆ? ಅದೂ ಪ್ಯಾರಾಕ್ಕೊಂದರಂತೆ, ಅಳೆದಿಟ್ಟ ಹಾಗೆ! ದಣಿದ ಕೈಯ ತಪ್ಪುಗಳು ಒಂದೆಡೆ ಗುಂಪಾಗಿ ಬೀಳುತ್ತವೆ, ಒಂದೇ ಬಗೆಯವು ಮರುಕಳಿಸುತ್ತವೆ.

ತೀರ್ಪುಗಾರರು ಮೊದಲು ಯಾವ ಕೀಲಿಮಣೆ ಎಂದು ಕೇಳಲಿ. ಮೊಬೈಲಾದರೆ ಲೆಕ್ಕವೇ ಬೇರೆ, ಅಲ್ಲಿ ಸಲಹೆಪಟ್ಟಿಯಿಂದ ಇಡೀ ಪದವೇ ತಪ್ಪಾಗಿ ಬರುತ್ತದೆ. ಅದೇ ಲೇಖಕರ ಹಳೆಯ ಬರಹವಿದ್ದರೆ ಹೋಲಿಸಲಿ. ತಪ್ಪೇ ಇಲ್ಲವೆಂದು ಮಾತ್ರ ಯಾರನ್ನೂ ಅನುಮಾನಿಸಬಾರದು. ಕರಡು ತಿದ್ದುವವರು ನಮ್ಮಲ್ಲಿ ಇನ್ನೂ ಇದ್ದಾರೆ.

– ಓದುಗ, ಮಾಟುಂಗಾ, ಮುಂಬಯಿ