ಶುಕ್ರವಾರದ ಮೀಟಿಂಗ್‌ಗೆ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ್ರೀ. ಕಲಬುರಗಿ ತೊಗರಿಬೇಳೆ ಕ್ಯಾಂಪೇನ್ ರಿಪೋರ್ಟನ್ನು ಶುಕ್ರವಾರ ಬೆಳಗ್ಗೆ 11ಕ್ಕೆ ನೋಡುತ್ತೇವೆ. ಬಜೆಟ್ ನೋಡುವವರು ತಪ್ಪದೇ ಬನ್ನಿ.

ಒಟ್ಟು ಆರ್ಡರ್ 60. ಕೊನೆ ಕ್ಲಿಕ್ ಲೆಕ್ಕದಲ್ಲಿ ವಾಟ್ಸಾಪ್ ಲಿಂಕ್‌ಗೆ 38, ಇನ್‌ಸ್ಟಾಗ್ರಾಂಗೆ ಬರೀ 6. ಮೊದಲ ಕ್ಲಿಕ್ ಹಿಡಿದರೆ ಇನ್‌ಸ್ಟಾಗ್ರಾಂಗೇ 31! ರೀಲ್ ನೋಡಿ ನಂಬರ್ ಕೊಟ್ಟವರೇ ವಾರ ಬಿಟ್ಟು ವಾಟ್ಸಾಪ್‌ನಿಂದ ಕೊಂಡಿದ್ದಾರೆ, ಅಷ್ಟೇ. ಸುಮ್ನೆ 6 ನೋಡಿ ಇನ್‌ಸ್ಟಾಗ್ರಾಂ ನಿಲ್ಲಿಸಬೇಡಿ.

ಡೇಟಾ-ಡ್ರಿವನ್ ಮಾದರಿ ಕ್ರೆಡಿಟನ್ನು ಹಂಚಿ ತೋರಿಸುತ್ತದೆ. ಆದರೆ 60 ಆರ್ಡರ್‌ನಿಂದ ಅದು ಏನು ಕಲಿತೀತು? ನಾನಂತೂ ಈ ಸಲ ಅದನ್ನು ನಂಬುವುದಿಲ್ಲ.

ಜಿಎ4ನಲ್ಲಿ ಮೊದಲ ಕ್ಲಿಕ್ ಮಾದರಿಯನ್ನು 2023ರಲ್ಲೇ ತೆಗೆದರು. ಬದಲಿಗೆ `First user source / medium` ನೋಡಿ. ಹಳೇ ಗಿರಾಕಿ ಅಲ್ಲಿ ಹಳೇ ಚಾನೆಲ್‌ನಲ್ಲೇ ಕಾಣುತ್ತಾರೆ, ನೆನಪಿರಲಿ.

ನಿಮ್ಮ ಲಿಂಕ್‌ಗಳಲ್ಲಿ `utm_source` ಇತ್ತೋ ಇಲ್ಲವೋ, ಗುರುವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.