ತಮಿಳು ಬರುತ್ತದೆ ಅಂದರೆ ಏನು ಬರುತ್ತದೆ?

ಪುಟ್ಟಿ,

ನಿನ್ನೆ ರಾತ್ರಿ ನೀನು ಕಳಿಸಿದ ರೆಸ್ಯೂಮೆಯನ್ನು ಬೆಳಿಗ್ಗೆ ಜಗಲಿಯಲ್ಲಿ ಕೂತು ಓದಿದೆ. ಅಮ್ಮನೂ ಓದಿದಳು. ಡಿಗ್ರಿ, ಮಾರ್ಕ್ಸು, ಮೂಡಿಗೆರೆಯ ಮೆಡಿಕಲ್ ಶಾಪಿನಲ್ಲಿ ಆರು ತಿಂಗಳು ಮಾಡಿದ ಕೆಲಸ ಎಲ್ಲ ಸರಿಯಾಗಿದೆ. ಕೊನೆಯ ಸಾಲು ಮಾತ್ರ ನನಗೆ ಸರಿ ಕಾಣಲಿಲ್ಲ. ಕನ್ನಡ, ಇಂಗ್ಲಿಷ್, ಹಿಂದಿ, ತಮಿಳು, ತುಳು, ಸಂಸ್ಕೃತ, ಆರಕ್ಕೂ ಸೇರಿಸಿ ಒಂದೇ ಮಾತು, ‘ಫ್ಲೂಯೆಂಟ್’. ಹಾಸನದ ಆ ಆಸ್ಪತ್ರೆಗೆ ಕಳಿಸುವ ಮೊದಲು ಇದನ್ನು ಬದಲಿಸು.

ಯಾಕೆ ಇಷ್ಟು ಹಟ ಅಂದರೆ, ಒಂದು ವಿಷಯ ನಿನಗೆ ಇಲ್ಲಿವರೆಗೆ ಹೇಳಿಲ್ಲ. 1999ರಲ್ಲಿ ನಾನು ಎಸ್ಟೇಟಿಗೆ ಲೆಕ್ಕಪತ್ರ ಬರೆಯುವ ರೈಟರ್ ಆಗಿ ಸೇರುವಾಗ ಅರ್ಜಿಯಲ್ಲಿ ‘ತಮಿಳು ಬರುತ್ತದೆ’ ಅಂತ ಬರೆದಿದ್ದೆ. ಸುಳ್ಳಲ್ಲ. ತೋಟದ ತಮಿಳು ಕೆಲಸದವರ ಲೈನ್ ಮನೆಗಳ ಮಕ್ಕಳ ಜೊತೆ ಆಡಿ ಬೆಳೆದವನು, ಕಣ್ಣು ಮುಚ್ಚಿ ಮಾತಾಡುತ್ತಿದ್ದೆ. ಸೇರಿದ ಎರಡನೇ ತಿಂಗಳು ಕೆಲಸದವರ ಪಿ.ಎಫ್. ಫಾರಂ ತುಂಬುವಾಗ ಒಬ್ಬ ಅಣ್ಣ ಊರಿಂದ ತಂದಿದ್ದ ಶಾಲೆಯ ಸರ್ಟಿಫಿಕೇಟ್ ಕೊಟ್ಟ. ಪೂರ್ತಿ ತಮಿಳಿನಲ್ಲಿತ್ತು. ನನಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಅಂಕಿಗಳು ಮಾತ್ರ ಎಲ್ಲ ಕಡೆ ಬಳಸುವ ಅಂಕಿಗಳೇ, ಅದು ಓದಬಹುದಿತ್ತು. ಎರಡು ತಾರೀಖು ಇತ್ತು, ಒಂದು 1957, ಒಂದು 1963. ತಮಿಳು ಬರುತ್ತದೆ ಅಂತ ಬರೆದುಕೊಟ್ಟಿದ್ದೇನೆ, ಈಗ ಇನ್ನೊಬ್ಬರನ್ನು ಕೇಳುವುದು ಹೇಗೆ ಅಂತ ನಾಚಿಕೆಯಾಗಿ 1963ನ್ನು ಹುಟ್ಟಿದ ತಾರೀಖು ಅಂತ ಬರೆದುಬಿಟ್ಟೆ. ಅದು ಶಾಲೆಗೆ ಸೇರಿದ ತಾರೀಖು.

ಅವತ್ತು ಏನೂ ಆಗಲಿಲ್ಲ. ಪಿ.ಎಫ್. ಪೆನ್ಷನ್ 58 ತುಂಬಿದಾಗ ಸಿಗುವುದು. ಆ ಅಣ್ಣನಿಗೆ 2015ರಲ್ಲಿ ಸಿಗಬೇಕಿದ್ದದ್ದು, ದಾಖಲೆಯ ಪ್ರಕಾರ ಇನ್ನೂ ಆರು ವರ್ಷ ಕಾಯಬೇಕು ಅಂತ ಆಯಿತು. ಅದನ್ನು ಸರಿಮಾಡಿಸಲು ನಾನೂ ಅವನೂ ಒಂದು ವರ್ಷಕ್ಕೂ ಜಾಸ್ತಿ ಅಲೆದೆವು. ಅವನು ನನಗೆ ಒಂದು ಮಾತು ಅನ್ನಲಿಲ್ಲ, ಅದು ಇನ್ನೂ ನೋವಾಗುತ್ತದೆ. ‘ತಮಿಳು ಮಾತಾಡಲು ಬರುತ್ತದೆ, ಓದಲು ಬರೆಯಲು ಬರುವುದಿಲ್ಲ’ ಅಂತ ಅರ್ಜಿಯಲ್ಲೇ ಬರೆದಿದ್ದರೆ ಆ ಕಾಗದ ನನ್ನ ಮೇಜಿಗೆ ಬರುತ್ತಲೇ ಇರಲಿಲ್ಲ.

ನಿನ್ನ ತಮಿಳೂ ನನ್ನದೇ ತಮಿಳು. ಮಾತು ಚೆನ್ನಾಗಿದೆ, ಓದು ಸೊನ್ನೆ. ಯೂಟ್ಯೂಬ್ ನೋಡಿ ಒಂದು ತಿಂಗಳಲ್ಲಿ ಅಕ್ಷರ ಕಲಿತುಬಿಡುತ್ತೇನೆ ಅಂತ ಹೇಳಿದ್ದೆ ಅಲ್ವಾ, ಕಲಿ, ಆದರೆ ಅಷ್ಟಕ್ಕೇ ‘ಓದು’ ಅಂತ ಹಾಕಬೇಡ. ಅಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪದ ಮೊದಲೇ ಗೊತ್ತಿದ್ದರೆ ಮಾತ್ರ ಸರಿಯಾಗಿ ಓದಲು ಆಗುವುದು. ಅದಕ್ಕಿಂತ ದೊಡ್ಡ ತೊಡಕು, ಬರೆಯುವ ತಮಿಳೇ ಬೇರೆ. ನಾವು ಲೈನ್ ಮನೆಯಲ್ಲಿ ‘ಇರುಕ್ಕು’ ಅನ್ನುತ್ತೇವೆ, ಪೇಪರಿನಲ್ಲಿ ‘ಇರುಕ್ಕಿರದು’ ಅಂತ ಇರುತ್ತದೆ.

ಹಿಂದಿ ನಿನಗೆ ಇದರ ಉಲ್ಟಾ. ಆರನೇ ಕ್ಲಾಸಿಂದ ಹತ್ತರವರೆಗೆ ಓದಿದ್ದೀಯ, ಅಕ್ಷರ ಗಟ್ಟಿ. ಆದರೆ ಗಟ್ಟಿಯಾಗಿ ಓದಿ ಹೇಳುವುದು ಓದು ಬಂದ ಹಾಗಲ್ಲ. ಮರಾಠಿಯದೂ ಅದೇ ಲಿಪಿ, ಮರಾಠಿ ಪೇಪರನ್ನೂ ನೀನು ಗಟ್ಟಿಯಾಗಿ ಓದಬಲ್ಲೆ, ಹಾಗಂತ ಮರಾಠಿ ಬರುತ್ತದಾ? ಒಂದು ಕೆಲಸ ಮಾಡು. ಹಿಂದಿ ಪೇಪರಿನ ಒಂದು ಸುದ್ದಿ ಓದಿ, ಪೇಪರ್ ಮಡಚಿಟ್ಟು, ಏನಿತ್ತು ಅಂತ ಅಮ್ಮನಿಗೆ ಕನ್ನಡದಲ್ಲಿ ಹೇಳು. ಯಾರು, ಎಲ್ಲಿ, ಎಷ್ಟು ಅನ್ನುವುದು ತಪ್ಪಿಲ್ಲದೆ ಬಂದರೆ ಓದು ಅಂತ ಹಾಕು. ಬರಹಕ್ಕೆ ಪೆನ್ನು ಕಾಗದವೇ ಬೇಕು, ಯಾಕೆಂದರೆ ಮೊಬೈಲಿನಲ್ಲಿ ಮುಂದಿನ ಪದವನ್ನು ಅದೇ ತೋರಿಸುತ್ತದೆ. ಹತ್ತು ಸಾಲು ಬರೆ. ನೀನು ‘ಮೈನೇ ರೋಟಿ ಖಾಯಾ’ ಅಂತಲೇ ಬರೆಯುವುದು, ನಾನು ನೋಡಿದ್ದೇನೆ. ‘ಖಾಯೀ’ ಆಗಬೇಕು. ನಮ್ಮ ರೊಟ್ಟಿ ಗಂಡೂ ಅಲ್ಲ ಹೆಣ್ಣೂ ಅಲ್ಲ, ಅವರದು ಹೆಣ್ಣು, ‘ನೇ’ ಬಂದ ಮೇಲೆ ಕ್ರಿಯಾಪದ ರೊಟ್ಟಿಯ ಹಿಂದೆ ಹೋಗುತ್ತದೆ. ಮಾತಿನಲ್ಲಿ ಈ ತಪ್ಪು ನಡೆಯುತ್ತದೆ, ಆಸ್ಪತ್ರೆಯಿಂದ ಹೋಗುವ ಕಾಗದದಲ್ಲಿ ನಡೆಯುವುದಿಲ್ಲ.

ತುಳು ಹೇಗೆ ಹಾಕಬೇಕು ಅಂತ ಅಮ್ಮನಿಗೂ ನನಗೂ ಸ್ವಲ್ಪ ವಾದವೇ ಆಯಿತು. ಬೆಳ್ತಂಗಡಿ ಅಜ್ಜಿಯ ಜೊತೆ ನೀನು ತುಳುವಿನಲ್ಲೇ ಜಗಳ ಆಡುತ್ತೀಯ, ಮಾತಿನ ಬಗ್ಗೆ ಅನುಮಾನವೇ ಇಲ್ಲ. ವಾಟ್ಸಾಪಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಾಳೆ, ಹಾಗಾಗಿ ಮಾತು, ಓದು, ಬರಹ ಮೂರೂ ಹಾಕಲಿ ಅಂತ ಅಮ್ಮ. ತುಳು ಪುಸ್ತಕಗಳು ಜಾಸ್ತಿ ಅಚ್ಚಾಗುವುದೂ ಕನ್ನಡ ಲಿಪಿಯಲ್ಲೇ, ಅವಳ ಮಾತು ಸರಿಯೇ. ಆದರೆ ತುಳುವಿಗೆ ಅದರದ್ದೇ ಲಿಪಿ ಇದೆ, ಈಗ ಬೋರ್ಡುಗಳಲ್ಲೂ ಕಾಣುತ್ತದೆ. ಅದು ನಿನಗೆ ಬರುವುದಿಲ್ಲ. ಲಿಪಿಯ ಹೆಸರು ಬರೆದುಬಿಟ್ಟರೆ ಇಬ್ಬರ ಮಾತೂ ನಿಲ್ಲುತ್ತದೆ.

ಇಂಗ್ಲಿಷಿನಲ್ಲಿ ನೀನು ಓದುವುದು, ಬರೆಯುವುದು ಮಾತಾಡುವುದಕ್ಕಿಂತ ಎಷ್ಟೋ ಮೇಲು. ಮೇಲ್ ಚೆನ್ನಾಗಿ ಬರೆಯುತ್ತೀಯ, ಫೋನಿನಲ್ಲಿ ತಡವರಿಸುತ್ತೀಯ. ಹಾಗೆಯೇ ಬರೆ. ಸಂಸ್ಕೃತ ಪರೀಕ್ಷೆಯಲ್ಲಿ ಉತ್ತರವನ್ನು ಜಾಸ್ತಿ ಕನ್ನಡದಲ್ಲೇ ಬರೆದು 125ಕ್ಕೆ 120 ತಂದವಳು ನೀನು, ಅದು ಮಾರ್ಕ್ಸ್ ಕಾರ್ಡಿನಲ್ಲಿ ಇರಲಿ, ಇಲ್ಲಿ ಬೇಡ.

ಕನ್ನಡಕ್ಕೆ ‘ಮಾತೃಭಾಷೆ’ ಅಂತ ಹಾಕಿದರೆ ಸಾಲದು. ಎಲ್ಲಿ ಹುಟ್ಟಿದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ, ಆಫೀಸಿನ ಪತ್ರ ಬರೆಯಲು ಬರುತ್ತದಾ ಅನ್ನುವುದು ಗೊತ್ತಾಗುವುದಿಲ್ಲ. ನಿನಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಲೂ ಬರುತ್ತದೆ, ಅದನ್ನು ಸೇರಿಸಿಯೇ ಇಲ್ಲ ನೀನು!

ನಿನ್ನ ಗೆಳತಿ ‘ಬಿ2’ ಅಂತ ಹಾಕು ಅಂದಳಂತೆ. ಅದು ಯುರೋಪಿನವರ ಅಳತೆ, ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು. ಅವರ ಪಟ್ಟಿಯಲ್ಲೂ ಕೇಳುವುದು, ಓದುವುದು, ಎದುರು ಕೂತು ಮಾತಾಡುವುದು, ಒಬ್ಬಳೇ ನಿಂತು ಹೇಳುವುದು, ಬರೆಯುವುದು ಬೇರೆ ಬೇರೆಯೇ ಇವೆ. ಪರೀಕ್ಷೆ ಬರೆಯದೆ ಒಂದು ಅಕ್ಷರ, ಒಂದು ಅಂಕಿ ಸುಮ್ನೆ ಹಾಕಬೇಡ. ಏನು ಮಾಡಬಲ್ಲೆ ಅಂತ ಮಾತಿನಲ್ಲೇ ಹೇಳು. ಅಮ್ಮ, ನಾನು ಕೂತು ಹೀಗೆ ಬರೆದಿದ್ದೇವೆ:

ಕನ್ನಡ: ಮಾತು, ಓದು, ಬರಹ ಸರಾಗ. ಆಫೀಸ್ ಪತ್ರ ಬರೆಯಬಲ್ಲೆ, ಟೈಪ್ ಮಾಡಬಲ್ಲೆ.
ಇಂಗ್ಲಿಷ್: ಓದು, ಬರಹ ಚೆನ್ನಾಗಿದೆ. ಮಾತು ಕೆಲಸಕ್ಕೆ ಸಾಕಾಗುವಷ್ಟು.
ತುಳು: ಮಾತು ಸರಾಗ. ಓದು, ಬರಹ ಕನ್ನಡ ಲಿಪಿಯಲ್ಲಿ ಮಾತ್ರ.
ತಮಿಳು: ಮಾತು ಸರಾಗ. ಓದು, ಬರಹ ಇಲ್ಲ.
ಹಿಂದಿ: ಕೇಳಿದರೆ ಅರ್ಥವಾಗುತ್ತದೆ. ಮಾತು ಸಾಧಾರಣ, ಓದು ನಿಧಾನ, ಬರಹ ಇಲ್ಲ.

ಕೆಲಸ ಹೆಲ್ಪ್ ಡೆಸ್ಕಿನದು. ಸಕಲೇಶಪುರದ ಕಡೆಯ ತೋಟಗಳಿಂದ ತಮಿಳಿನವರು ಬಂದಾಗ ಅವರಿಗೆ ಬೇಕಾದದ್ದು ನಿನ್ನ ಬಾಯಿ, ಅದು ನಿನ್ನಲ್ಲಿದೆ. ಅವರು ಊರಿನ ಆಸ್ಪತ್ರೆಯ ತಮಿಳು ಚೀಟಿ ಕೊಟ್ಟರೆ ಓದಲು ಬರುವವರನ್ನು ಕರೆಯಬೇಕು ಅನ್ನುವುದು ನಿನ್ನ ಮೇಲಿನವರಿಗೆ ಮೊದಲ ದಿನವೇ ಗೊತ್ತಿರಬೇಕು.

ಹಿಂದಿಯ ಓದಿನ ಮುಂದೆ ‘ನಿಧಾನ’ ಅಂತ ನಾವೇ ಅಂದಾಜಿಗೆ ಹಾಕಿದ್ದೇವೆ. ಪೇಪರ್ ಓದಿ ನೋಡಿ ಅದನ್ನು ನೀನೇ ಇಡು, ಇಲ್ಲ ತೆಗೆ. ಭಾನುವಾರ ಫೋನ್ ಮಾಡು, ಅಮ್ಮ ಕೇಳಿಸಿಕೊಳ್ಳಲು ಕಾಯುತ್ತಿದ್ದಾಳೆ.

ನಿನ್ನ ಅಪ್ಪ